ಸ್ಟಿಕ್ ಮುಟ್ಟದಿದ್ದರೂ ಆಟಗಾರ ನಡೀತಾನಾ? ಮೊದಲು ಅಳೆಯಿರಿ, ಆಮೇಲೆ ಡೆಡ್ ಝೋನ್ ಹಾಕಿ

ಕಂಟ್ರೋಲರ್ ಮೇಜಿನ ಮೇಲಿದೆ, ಕೈ ಹಚ್ಚಿಲ್ಲ, ಆದ್ರೂ ಪರದೆಯಲ್ಲಿ ಆಟಗಾರ ನಿಧಾನಕ್ಕೆ ಎಡಕ್ಕೆ ಸರೀತಾ ಇದ್ದಾನೆ. ಇದಕ್ಕೆ ಸ್ಟಿಕ್ ಡ್ರಿಫ್ಟ್ ಅಂತಾರೆ. ಬಹಳ ಜನ ಸೆಟ್ಟಿಂಗ್ಸ್‌ಗೆ ಹೋಗಿ ಡೆಡ್ ಝೋನ್, ಅಂದ್ರೆ ಸ್ಟಿಕ್‌ನ ಸಣ್ಣ ಅಲುಗಾಟ ಲೆಕ್ಕಕ್ಕೆ ತಗೊಳ್ಳದ ಜಾಗವನ್ನು ಸುಮ್ನೆ 30ಕ್ಕೆ ಎಳೆದು ಬಿಡ್ತಾರೆ. ಡ್ರಿಫ್ಟ್ ನಿಲ್ಲುತ್ತದೆ ನಿಜ, ಆದ್ರೆ ಸ್ಟಿಕ್ ಮಂದ ಆಗುತ್ತದೆ. ಸಣ್ಣಗೆ ಗುರಿ ಹಿಡಿಯೋದು, ಕಾರನ್ನು ಸ್ವಲ್ಪ ಮಾತ್ರ ತಿರುಗಿಸೋದು, ಮೆಲ್ಲಗೆ ನಡೆಯೋದು ಎಲ್ಲಾ ಹೋಗಿಬಿಡುತ್ತದೆ. ಆಮೇಲೆ ಆಟವೇ ಸರಿ ಇಲ್ಲ ಅಂತ ಬೈತಾರೆ.

ನನ್ನ ಅಳಿಯ ಬೀದರ್‌ನಲ್ಲಿ ಡಿಪ್ಲೊಮಾ ಓದ್ತಾನೆ. ರಜೆಗೆ ಕಲಬುರಗಿಗೆ ಬಂದಾಗ ಇಂಥದ್ದೇ ಒಂದು ಕಂಟ್ರೋಲರ್ ಚೀಲದಲ್ಲಿ ಹಾಕ್ಕೊಂಡು ಬಂದಿದ್ದ. "ಮಾಮಾ, ಇದು ತಾನೇ ಎಡಕ್ಕ ಹೊಂಟದ. ಒಗೀಬೇಕೇನ್ರಿ?" ಅಂದ. ಒಗೆಯೋದು ಬೇಡ, ಮೊದಲು ಎಷ್ಟು ಹೊಂಟದ ಅಂತ ನೋಡೋಣ ಅಂದೆ. ಕೆಳಗೆ ಬರೋ ಅಂಕಿಗಳು ಆ ಕಂಟ್ರೋಲರ್‌ನವೇ. ಕಂಪ್ಯೂಟರ್ ವಿಂಡೋಸ್‌ನದು, ಆಟಗಳು ಹೆಚ್ಚಾಗಿ ಸ್ಟೀಮ್‌ನವು.

ಒಳಗೆ ಆಗೋದೇನು

ಸಾಮಾನ್ಯ ಕಂಟ್ರೋಲರ್‌ನ ಪ್ರತಿ ಸ್ಟಿಕ್ ಕೆಳಗೆ ಎರಡು ಪೊಟೆನ್ಶಿಯೋಮೀಟರ್ ಇರುತ್ತವೆ. ಒಂದು ಎಡ-ಬಲಕ್ಕೆ, ಇನ್ನೊಂದು ಮೇಲೆ-ಕೆಳಗೆ. ಕಾರ್ಬನ್ ಬಳಿದ ಪಟ್ಟಿಯ ಮೇಲೆ ಒಂದು ಸಣ್ಣ ಲೋಹದ ನಾಲಿಗೆ ಉಜ್ಜಿಕೊಂಡು ಓಡಾಡುತ್ತದೆ, ಅದು ಎಲ್ಲಿದೆ ಅನ್ನೋದರ ಮೇಲೆ ವೋಲ್ಟೇಜ್ ಬದಲಾಗುತ್ತದೆ. ಹಳೇ ರೇಡಿಯೋದ ವಾಲ್ಯೂಮ್ ತಿರುಪು ಕರಕರ ಅಂತಿತ್ತಲ್ಲ, ಅದೇ ಭಾಗ, ಅದೇ ಕಾಯಿಲೆ. ಪಟ್ಟಿ ಸವೆದರೆ ಅಥವಾ ಅದರ ಮೇಲೆ ಧೂಳು ಕೂತರೆ ಓದು ತಪ್ಪಾಗುತ್ತದೆ. ಜೊತೆಗೆ ಸ್ಟಿಕ್ ಅನ್ನು ನಡುವಿಗೆ ತರೋ ಸ್ಪ್ರಿಂಗ್ ಸಡಿಲಾದರೆ ಬೆರಳು ಬಿಟ್ಟಾಗ ಅದು ಪ್ರತಿ ಸಲ ಒಂದೇ ಜಾಗಕ್ಕೆ ಬರಲ್ಲ. ನಮ್ಮ ಕಡೆ ಬೇಸಿಗೆಯಲ್ಲಿ ಗಾಳಿ ಬೀಸಿದರೆ ಕಿಟಕಿ ಮುಚ್ಚಿದರೂ ಮೇಜಿನ ಮೇಲೆ ಧೂಳಿನ ಪದರ ಕೂತಿರುತ್ತದೆ, ಸ್ಟಿಕ್‌ನ ಗುಮ್ಮಟದ ಸಂದಿಯಿಂದ ಅದು ಒಳಗೆ ಹೋಗೋದು ಏನು ದೊಡ್ಡ ಮಾತಲ್ಲ.

ಡೆಡ್ ಝೋನ್ ಇದನ್ನು ರಿಪೇರಿ ಮಾಡಲ್ಲ. ನಡುವಿನ ಸುತ್ತ ಒಂದು ವೃತ್ತ ಎಳೆದು, ಅದರೊಳಗೆ ಏನೇ ಬಂದರೂ ಸೊನ್ನೆ ಅಂತ ತಿಳ್ಕೊ ಅಂತ ಕಂಪ್ಯೂಟರ್‌ಗೆ ಹೇಳುತ್ತದೆ, ಅಷ್ಟೇ. ಹಾಗಾಗಿ ಆ ವೃತ್ತ ಎಷ್ಟು ದೊಡ್ಡದಿರಬೇಕು ಅನ್ನೋದೇ ಇಲ್ಲಿನ ಕೆಲಸ.

ಇದು ನಿಜವಾದ ಡ್ರಿಫ್ಟಾ ಅಂತ ಮೊದಲು ನೋಡಿ

ಕಂಟ್ರೋಲರ್ ತೆಗೆದುಬಿಡಿ. ಆಟಗಾರ ಇನ್ನೂ ನಡೀತಾ ಇದ್ದರೆ ತಪ್ಪು ಬೇರೆ ಕಡೆ ಇದೆ, ಉದಾಹರಣೆಗೆ ಸಿಕ್ಕಿಕೊಂಡ ಕೀಬೋರ್ಡ್ ಕೀ, ಅಥವಾ ಹಚ್ಚಿಟ್ಟು ಮರೆತ ಸ್ಟೀರಿಂಗ್ ವೀಲ್. ನಿಂತರೆ, ಈಗ ಸ್ಟಿಕ್ ಮೇಲೆ ಬೆರಳು ಇಡದೆ ಮತ್ತೆ ಹಚ್ಚಿ. ಕೆಲವು ಕಂಟ್ರೋಲರ್‌ಗಳು ಆನ್ ಆದ ಕ್ಷಣದಲ್ಲಿ ಸ್ಟಿಕ್ ಎಲ್ಲಿತ್ತೋ ಅದನ್ನೇ ನಡು ಅಂತ ಹಿಡ್ಕೊಂಡು ಬಿಡುತ್ತವೆ. ತೊಡೆ ಮೇಲೆ ಬೋರಲು ಇಟ್ಟುಕೊಂಡು ವೈರ್ ಹಚ್ಚಿದರೆ ಒಳ್ಳೇ ಸ್ಟಿಕ್ ಕೂಡ ಡ್ರಿಫ್ಟ್ ಆದಂಗೆ ಕಾಣುತ್ತದೆ.

ಬ್ಲೂಟೂತ್‌ನಲ್ಲಿ ಆಡ್ತಿದ್ದರೆ ಒಮ್ಮೆ ವೈರ್ ಹಚ್ಚಿ ನೋಡಿ. ಸಿಗ್ನಲ್ ತಡವರಿಸಿದಾಗ ಕೊನೇ ಅಂಕಿ ಅಲ್ಲೇ ನಿಂತುಬಿಡುತ್ತದೆ, ಆಟಗಾರ ಒಂದೇ ದಿಕ್ಕಿಗೆ ಓಡ್ತಾನೇ ಇರ್ತಾನೆ. ಅದು ಸ್ಟಿಕ್‌ನ ತಪ್ಪಲ್ಲ. ಹೇಗೆ ಗುರುತಿಸೋದು ಅಂದ್ರೆ, ಅಂಥ ಓಟ ಜೋರಾಗಿ ಶುರುವಾಗಿ ಒಮ್ಮೆಲೇ ನಿಲ್ಲುತ್ತದೆ. ಡ್ರಿಫ್ಟ್ ಹೆಚ್ಚಾಗಿ ನಿಧಾನ, ಆದ್ರೆ ಬಿಡದೆ ಎಳೀತಾ ಇರುತ್ತದೆ.

ಅಳೆಯೋದು

ಸ್ಟೀಮ್ ಅನ್ನು ಪೂರ್ತಿ ಮುಚ್ಚಿ. ಕೆಳಗೆ ಗಡಿಯಾರದ ಪಕ್ಕ ಇರೋ ಐಕಾನ್‌ನಿಂದಲೂ ಹೊರಗೆ ಹಾಕಿ, ಇಲ್ಲಾಂದ್ರೆ ಅದು ನಡುವೆ ಬಂದು ಅಂಕಿ ಬದಲಿಸಬಹುದು. ಪ್ಲೇಸ್ಟೇಷನ್ ಕಂಟ್ರೋಲರ್ ಅನ್ನು ವಿಂಡೋಸ್‌ನಲ್ಲಿ ನಡೆಸೋ DS4Windows ಥರದ ಸಾಫ್ಟ್‌ವೇರ್ ಇದ್ದರೆ ಅದನ್ನೂ ಮುಚ್ಚಿ. ಈಗ ಬ್ರೌಸರ್‌ನಲ್ಲಿ `hardwaretester.com/gamepad` ತೆಗೆದು ಕಂಟ್ರೋಲರ್‌ನ ಯಾವುದಾದರೂ ಬಟನ್ ಒತ್ತಿ. ಬಟನ್ ಒತ್ತುವ ತನಕ ಬ್ರೌಸರ್ ಕಂಟ್ರೋಲರ್ ತೋರಿಸಲ್ಲ, ಅದು ಬ್ರೌಸರ್‌ನ ಸುರಕ್ಷತೆಯ ನಿಯಮ, ಗಾಬರಿ ಬೇಡ.

ಪರದೆ ಮೇಲೆ Axis 0, Axis 1, Axis 2, Axis 3 ಅಂತ ನಾಲ್ಕು ಅಂಕಿ ಕಾಣುತ್ತವೆ. ಮೊದಲೆರಡು ಎಡ ಸ್ಟಿಕ್, ಉಳಿದೆರಡು ಬಲ ಸ್ಟಿಕ್. 0 ಅಂದ್ರೆ ನಡು. ಪೂರ್ತಿ ಎಡಕ್ಕೆ ಅಥವಾ ಮೇಲಕ್ಕೆ ಒತ್ತಿದರೆ -1, ಪೂರ್ತಿ ಬಲಕ್ಕೆ ಅಥವಾ ಕೆಳಕ್ಕೆ ಒತ್ತಿದರೆ 1. ಸುಮ್ನೆ ಇಟ್ಟಾಗ 0.004 ಥರ ಚಿಕ್ಕ ಅಂಕಿ ಕಂಡರೆ ಅದು ಕಾಯಿಲೆ ಅಲ್ಲ. ಹೊಸ ಕಂಟ್ರೋಲರ್‌ನಲ್ಲೂ ನಿಖರ ಸೊನ್ನೆ ಸಿಗೋದು ಅಪರೂಪ.

ಬಹಳ ಜನ ತಪ್ಪೋದು ಇಲ್ಲೇ. ಸ್ಟಿಕ್ ಸುಮ್ನೆ ಇದ್ದಾಗಿನ ಅಂಕಿ ನೋಡಿ ಅದನ್ನೇ ಡ್ರಿಫ್ಟ್ ಅಂತ ಬರೆದುಕೊಳ್ತಾರೆ. ಆ ಅಂಕಿ ಸಾಲದು. ಸ್ಟಿಕ್ ಅನ್ನು ಪೂರ್ತಿ ಬಲಕ್ಕೆ ಒತ್ತಿ, ಬೆರಳು ಸಟಕ್ಕನೆ ಬಿಡಿ, ಎಲ್ಲಿಗೆ ಬಂದು ನಿಂತಿತು ಅಂತ ನೋಡಿ. ಹೀಗೆ ಎಡ, ಮೇಲೆ, ಕೆಳಗೆ, ನಾಲ್ಕು ಮೂಲೆಗೂ ಮಾಡಿ, ಪ್ರತಿ ದಿಕ್ಕಿಗೂ ಕೆಲವು ಸಲ. ಆಮೇಲೆ ಬೆರಳಿಂದ ನಿಧಾನಕ್ಕೆ ನಡುವಿಗೆ ತಂದು ಬಿಡಿ. ನಿಧಾನಕ್ಕೆ ಬಿಟ್ಟಾಗ ಸಡಿಲ ಸ್ಪ್ರಿಂಗ್ ಇನ್ನೂ ಜಾಸ್ತಿ ಮೋಸ ಮಾಡುತ್ತದೆ. ಎಲ್ಲದರಲ್ಲಿ ಯಾವುದು ಸೊನ್ನೆಯಿಂದ ದೂರ ನಿಂತಿತೋ ಅದನ್ನು ಚೀಟಿಯಲ್ಲಿ ಬರೆದುಕೊಳ್ಳಿ.

ಅಳಿಯನ ಕಂಟ್ರೋಲರ್‌ನಲ್ಲಿ ಎಡ ಸ್ಟಿಕ್ ಸುಮ್ನೆ ಇದ್ದಾಗ -0.06 ತೋರಿಸ್ತಿತ್ತು. ಬಲದಿಂದ ಬಿಟ್ಟರೆ 0.02, ಪರವಾಗಿಲ್ಲ. ಎಡದಿಂದ ಬಿಟ್ಟರೆ Axis 0 ನಲ್ಲಿ -0.11, Axis 1 ನಲ್ಲಿ 0.05. ಅದೇ ಅತಿ ಕೆಟ್ಟದ್ದು. ಬಲ ಸ್ಟಿಕ್ ಎಲ್ಲಿಂದ ಬಿಟ್ಟರೂ 0.04 ದಾಟಲಿಲ್ಲ.

ಅಂಕಿ ನಿಂತಲ್ಲೇ ನಿಲ್ಲುತ್ತಾ, ಕುಣಿಯುತ್ತಾ ಅನ್ನೋದನ್ನೂ ಈಗಲೇ ನೋಡಿ. -0.11ಕ್ಕೆ ಬಂದು ಅಲ್ಲೇ ನಿಂತರೆ ಡೆಡ್ ಝೋನ್‌ನಿಂದ ಕೆಲಸ ಆಗುತ್ತದೆ. 0.02, ಆಮೇಲೆ 0.3, ಆಮೇಲೆ -0.1 ಅಂತ ಕೈ ಹಚ್ಚದೆ ಕುಣಿದರೆ ಪಟ್ಟಿ ಕೊಳೆಯಾಗಿದೆ ಅಥವಾ ಸವೆದಿದೆ. ಇನ್ನೊಂದು ಪರೀಕ್ಷೆ: ಸ್ಟಿಕ್ ಅನ್ನು ಎಡ ತುದಿಯಿಂದ ಬಲ ತುದಿಗೆ ಬಹಳ ನಿಧಾನಕ್ಕೆ ಸರಿಸಿ. ಅಂಕಿ ಮೆಲ್ಲಗೆ ಏರಬೇಕು. ನಡುವೆ ಎಲ್ಲೋ 0.4ರಿಂದ 0.7ಕ್ಕೆ ಜಿಗಿದರೆ ಅಲ್ಲಿ ಪಟ್ಟಿ ಹಾಳಾಗಿದೆ. ಡೆಡ್ ಝೋನ್ ನಡುವಿನ ಸುತ್ತ ಮಾತ್ರ ಕೆಲಸ ಮಾಡುತ್ತದೆ, ಈ ಜಿಗಿತಕ್ಕೆ ಅದರಲ್ಲಿ ಔಷಧಿ ಇಲ್ಲ.

ವಿಂಡೋಸ್‌ನ ಕ್ಯಾಲಿಬ್ರೇಷನ್ ಯಾಕೆ ಉಪಯೋಗಕ್ಕೆ ಬರಲ್ಲ

ಎಲ್ಲರೂ ಹೇಳೋ ಮೊದಲ ಉಪಾಯ ಇದು. ವಿಂಡೋಸ್ ಕೀ ಜೊತೆ R ಒತ್ತಿ ಹೀಗೆ ಟೈಪ್ ಮಾಡೋದು:

```
joy.cpl
```

ಕಂಟ್ರೋಲರ್ ಹೆಸರು ಆರಿಸಿ Properties, ಅಲ್ಲಿ Settings, ಅಲ್ಲಿ Calibrate. ಹೇಳಿದಂಗೆ ಮಾಡಿದರೆ Test ಪುಟದಲ್ಲಿ ಗುರುತು ಸರಿಯಾಗಿ ನಡುವಿಗೆ ಬಂದು ಕೂರುತ್ತದೆ. ಖುಷಿಯಾಗಿ ಆಟ ತೆಗೆದರೆ ಡ್ರಿಫ್ಟ್ ಹಾಗೇ ಇದೆ. ಕಾರಣ ಸರಳ. ಈ ಕ್ಯಾಲಿಬ್ರೇಷನ್ ಡೈರೆಕ್ಟ್‌ಇನ್‌ಪುಟ್ ಅನ್ನೋ ಹಳೇ ದಾರಿಗೆ ಸೇರಿದ್ದು. ಈಗಿನ ಬಹಳಷ್ಟು ಆಟಗಳು ಎಕ್ಸ್‌ಇನ್‌ಪುಟ್ ದಾರಿಯಲ್ಲಿ ಅಂಕಿ ಓದುತ್ತವೆ, ಆ ದಾರಿ ಈ ಕ್ಯಾಲಿಬ್ರೇಷನ್ ಕಡೆ ತಿರುಗಿ ಕೂಡ ನೋಡಲ್ಲ.

ನಿಮ್ಮದು ಯಾವ ದಾರಿ ಅಂತ ತಿಳಿಯೋಕೆ joy.cpl ಪಟ್ಟಿಯಲ್ಲಿ ಹೆಸರು ನೋಡಿ. `Controller (XBOX 360 For Windows)` ಥರ ಇದ್ದರೆ ಎಕ್ಸ್‌ಇನ್‌ಪುಟ್. ಅಗ್ಗದ ಕಂಟ್ರೋಲರ್‌ಗಳಲ್ಲಿ ಎರಡೂ ಮೋಡ್ ಇರುತ್ತವೆ, ಒಂದು ಸ್ವಿಚ್ಚೋ ನಡುವಿನ ಬಟನ್ ಹಿಡಿದಿಡೋದೋ ಏನಾದರೂ ಉಪಾಯ ಇರುತ್ತದೆ. ಡಬ್ಬಿಯಲ್ಲಿ ಬಂದ ಚೀಟಿ ಓದಿ. ಅದೇ ಚೀಟಿಯಲ್ಲಿ ಕಂಟ್ರೋಲರ್ ಒಳಗೇ ಕ್ಯಾಲಿಬ್ರೇಟ್ ಮಾಡೋ ಬಟನ್‌ಗಳ ಜೋಡಿ ಬರೆದಿದ್ದರೆ ಅದನ್ನು ಮಾಡಿ ನೋಡೋದು ಒಳ್ಳೇದು, ಯಾಕಂದ್ರೆ ಅದು ಎಲ್ಲಾ ಆಟಕ್ಕೂ ಅನ್ವಯಿಸುತ್ತದೆ. joy.cpl ಅನ್ನು ಮಾತ್ರ ನಾನು ನೋಡೋದಕ್ಕಷ್ಟೇ ಬಳಸ್ತೀನಿ.

ಎಷ್ಟು ಹಾಕಬೇಕು

ಡೆಡ್ ಝೋನ್ ವೃತ್ತದ ಆಕಾರದಲ್ಲಿದ್ದರೆ ಎರಡೂ ಅಂಕಿ ಸೇರಿಸಿ ನಡುವಿನಿಂದ ಎಷ್ಟು ದೂರ ಅಂತ ಲೆಕ್ಕ ಹಾಕಬೇಕು. ಶಾಲೆಯ ಪೈಥಾಗೊರಸ್ ಲೆಕ್ಕವೇ:

```
√(0.11² + 0.05²) = √0.0146 ≈ 0.12
```

ಇದರ ಮೇಲೆ 0.02 ಇಲ್ಲವೇ 0.03 ಜಾಸ್ತಿ ಇಡಿ, ಸ್ಟಿಕ್ ನಾಳೆ ಇನ್ನೊಂದು ಚೂರು ಹೆಚ್ಚು ಸರಿದರೂ ನಡೀಬೇಕಲ್ಲ. ಎಡಕ್ಕೆ 0.15, ಅಂದ್ರೆ ಶೇ. 15. ಬಲ ಸ್ಟಿಕ್‌ಗೆ ಶೇ. 6 ಸಾಕು. ಎರಡಕ್ಕೂ ಒಂದೇ ಅಂಕಿ ಹಾಕೋ ಅಭ್ಯಾಸ ಬಿಡಿ. ಬಲ ಸ್ಟಿಕ್ ಗುರಿ ಹಿಡಿಯೋದಕ್ಕೆ, ಅಲ್ಲಿ ಪ್ರತಿ ಪಾಲೂ ಬೆಲೆಬಾಳುತ್ತದೆ, ಎಡದವನ ತಪ್ಪಿಗೆ ಬಲದವನಿಗೆ ಯಾಕೆ ಶಿಕ್ಷೆ?

ಒಂದೇ ಕಡೆ ಹಾಕಿ

ಅಳಿಯ ಕೇಳಿದ ಇನ್ನೊಂದು ಪ್ರಶ್ನೆ: "ಒಂದು ಆಟದಾಗ ಡ್ರಿಫ್ಟ್ ಆಗ್ತದ, ಇನ್ನೊಂದ್ರಾಗ ಆಗಲ್ಲ, ಯಾಕ?" ಉತ್ತರದಲ್ಲೇ ಇಡೀ ಗುಟ್ಟು ಇದೆ. ಎಕ್ಸ್‌ಇನ್‌ಪುಟ್‌ನಲ್ಲಿ ಸ್ಟಿಕ್‌ನ ಅಂಕಿ 32767ರ ತನಕ ಹೋಗುತ್ತದೆ. ಆಟ ತಯಾರಿಸೋರಿಗೆ ಮೈಕ್ರೋಸಾಫ್ಟ್ ಒಂದು ಸಿದ್ಧ ಡೆಡ್ ಝೋನ್ ಕೊಟ್ಟಿದೆ: ಎಡ ಸ್ಟಿಕ್‌ಗೆ 7849, ಬಲಕ್ಕೆ 8689. ಅಂದ್ರೆ ಸುಮಾರು ಶೇ. 24 ಮತ್ತು ಶೇ. 26.5. ಇದನ್ನೇ ಬಳಸಿದ ಆಟದಲ್ಲಿ ಶೇ. 12ರ ಡ್ರಿಫ್ಟ್ ಕಾಣೋದೇ ಇಲ್ಲ, ಮುಚ್ಚಿಹೋಗುತ್ತದೆ. ಇನ್ನೊಂದು ಆಟ ಶೇ. 8 ಇಟ್ಟಿದ್ದರೆ ಅಲ್ಲಿ ಆಟಗಾರ ನಡೀತಾನೆ. ಕಂಟ್ರೋಲರ್ ಒಂದೇ, ಕಾಯಿಲೆ ಒಂದೇ.

ಈಗ ಸ್ಟೀಮ್‌ನಲ್ಲೂ 15 ಹಾಕಿ, ಆಟದೊಳಗೂ 24 ಇದ್ದರೆ ಏನಾಗುತ್ತದೆ? ಸ್ಟೀಮ್ ಮೊದಲ ಶೇ. 15 ತಿಂದು, ಉಳಿದ 85 ಪಾಲನ್ನು ಸೊನ್ನೆಯಿಂದ ನೂರರ ತನಕ ಹಿಗ್ಗಿಸಿ ಆಟಕ್ಕೆ ಕೊಡುತ್ತದೆ. ಆಟ ಅದರಲ್ಲಿ ಮತ್ತೆ 24 ತಿನ್ನುತ್ತದೆ:

```
0.15 + (0.24 × 0.85) ≈ 0.35
```

ಸ್ಟಿಕ್‌ನ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಒತ್ತುವ ತನಕ ಆಟಗಾರ ಅಲುಗಾಡೋದೇ ಇಲ್ಲ. ಆಮೇಲೆ ಒಮ್ಮೆಲೇ ಹೊರಡ್ತಾನೆ. ಕಂಟ್ರೋಲರ್ ಲ್ಯಾಗ್ ಆಗ್ತಿದೆ ಅಂತ ದೂರೋರಲ್ಲಿ ಎಷ್ಟೋ ಜನರದ್ದು ಇದೇ ಕಥೆ.

ಹಾಗಾಗಿ ನಾನು ಪಾಲಿಸೋ ಕ್ರಮ ಹೀಗಿದೆ. ಆಟದ ಸೆಟ್ಟಿಂಗ್ಸ್‌ನಲ್ಲೇ ಡೆಡ್ ಝೋನ್ ಸ್ಲೈಡರ್ ಇದ್ದರೆ ಅಲ್ಲೇ ಹಾಕಿ, ಸ್ಟೀಮ್ ಕಡೆ ಮುಟ್ಟಬೇಡಿ. ಕೆಲವು ಆಟಗಳ ಸ್ಲೈಡರ್ ಶೇಕಡಾ ತೋರಿಸಲ್ಲ, 0ರಿಂದ 10 ಅಂತಲೋ 20 ಅಂತಲೋ ಇರುತ್ತದೆ. ಅಂಥಲ್ಲಿ ಸೊನ್ನೆಗೆ ತಂದು ಆಟಗಾರ ನಡೆಯೋದನ್ನು ನೋಡಿ, ಒಂದೊಂದೇ ಮನೆ ಏರಿಸಿ, ಎಡಕ್ಕೆ ಒತ್ತಿ ಬಿಟ್ಟ ಮೇಲೂ ನಿಂತ ಅಂದ್ರೆ ಇನ್ನೊಂದು ಮನೆ ಏರಿಸಿ ಬಿಟ್ಟುಬಿಡಿ.

ಆಟದಲ್ಲಿ ಅಂಥ ಸ್ಲೈಡರ್ ಇಲ್ಲದೆ ಡ್ರಿಫ್ಟ್ ಕಾಣ್ತಿದ್ದರೆ ಮಾತ್ರ ಸ್ಟೀಮ್. Settings ಒಳಗೆ Controller ತೆಗೆದು, ನಿಮ್ಮ ಕಂಟ್ರೋಲರ್‌ಗೆ ಸ್ಟೀಮ್ ಇನ್‌ಪುಟ್ ಆನ್ ಮಾಡಿ, ಕ್ಯಾಲಿಬ್ರೇಷನ್ ಭಾಗಕ್ಕೆ ಹೋಗಿ. ಸ್ಟೀಮ್ ಮೆನು ಆಗಾಗ ಜಾಗ ಬದಲಿಸುತ್ತದೆ, ಹಾಗಾಗಿ Calibrat ಅಂತ ಶುರುವಾಗೋ ಪದ ಹುಡುಕಿ. ಅಲ್ಲಿ ಎರಡೂ ಸ್ಟಿಕ್‌ಗೆ ಬೇರೆ ಬೇರೆ ಡೆಡ್ ಝೋನ್ ಇಡಬಹುದು. ಒಂದೇ ಆಟಕ್ಕೆ ಬೇಕಾದರೆ ಲೈಬ್ರರಿಯಲ್ಲಿ ಆ ಆಟದ ಕಂಟ್ರೋಲರ್ ಲೇಔಟ್ ತೆಗೆದು, ಸ್ಟಿಕ್‌ನ ಪಕ್ಕದ ಗೇರ್ ಚಿಹ್ನೆಯಿಂದ ಒಳಗೆ ಹೋಗಿ. ಅಂಕಿ ಶೇಕಡಾದಲ್ಲಿ ಇಲ್ಲದೆ 32767ರ ಲೆಕ್ಕದಲ್ಲಿ ಕೇಳಿದರೆ ಗುಣಿಸಿ ಹಾಕಿ: 0.15 × 32767 ಅಂದ್ರೆ ಸುಮಾರು 4915. ಆಕಾರ ಕೇಳಿದರೆ ವೃತ್ತ ಆರಿಸಿ. ಶಿಲುಬೆ ಆಕಾರದಲ್ಲಿ ನೇರ ಓಡೋದು ಸುಲಭ ಆಗುತ್ತದೆ, ಆದ್ರೆ ಓರೆ ದಿಕ್ಕಿಗೆ ಸಣ್ಣಗೆ ತಿರುಗಿಸುವಾಗ ಸ್ಟಿಕ್ ನೇರ ದಾರಿಗೆ ಅಂಟಿಕೊಂಡಂಗೆ ಅನಿಸುತ್ತದೆ.

ಆಟದೊಳಗಿನ 24 ತೆಗೆಯೋಕೆ ಬರದಿದ್ದರೂ ಒಂದು ದಾರಿ ಇದೆ. ಸ್ಟೀಮ್‌ನ ಸ್ಟಿಕ್ ಸೆಟ್ಟಿಂಗ್‌ನಲ್ಲಿ Anti-Deadzone ಅಂತ ಇರುತ್ತದೆ, DS4Windows ನಲ್ಲೂ ಇದೆ. ನಿಮ್ಮ ಡೆಡ್ ಝೋನ್ ದಾಟಿದ ತಕ್ಷಣ ಅಂಕಿಯನ್ನು ಸೊನ್ನೆಯಿಂದ ಶುರು ಮಾಡದೆ ನೇರವಾಗಿ, ಹೇಳೋಣ, 20ರಿಂದ ಶುರು ಮಾಡುತ್ತದೆ. ಆಟ ತಿನ್ನೋ ಭಾಗವನ್ನು ಹಾರಿಸಿಬಿಟ್ಟಂಗೆ. ಇದನ್ನು ಆಟದ ಡೆಡ್ ಝೋನ್‌ಗಿಂತ ಸ್ವಲ್ಪ ಕಡಿಮೆ ಇಡಿ. ಜಾಸ್ತಿ ಇಟ್ಟರೆ ಸ್ಟಿಕ್ ಸ್ವಲ್ಪ ತಾಗಿದರೂ ಆಟಗಾರ ಜಿಗಿದು ಹೊರಡ್ತಾನೆ.

ಹೊರಗಿನ ತುದಿ

ಇದನ್ನು ಬಹಳ ಜನ ನೋಡೋದೇ ಇಲ್ಲ. ಸವೆದ ಸ್ಟಿಕ್ ನಡುವಿನಲ್ಲಿ ಮಾತ್ರ ಅಲ್ಲ, ತುದಿಯಲ್ಲೂ ತಪ್ಪುತ್ತದೆ. ಬ್ರೌಸರ್ ಪರೀಕ್ಷೆಗೆ ವಾಪಸ್ ಹೋಗಿ ಸ್ಟಿಕ್ ಅನ್ನು ಅಂಚಿಗೆ ಒತ್ತಿ ಪೂರ್ತಿ ಸುತ್ತು ತಿರುಗಿಸಿ. ಅಳಿಯನದ್ದು ಬಲಕ್ಕೆ 0.96ರ ಮೇಲೆ ಹೋಗಲಿಲ್ಲ. ಪೂರ್ತಿ ಒತ್ತಿದರೆ ಮಾತ್ರ ಓಡೋ ಆಟಗಳಲ್ಲಿ ಇವನ ಆಟಗಾರ ಬಲಕ್ಕೆ ಯಾವಾಗಲೂ ನಡೀತಾನೇ ಇದ್ದ. ಹೊರ ಡೆಡ್ ಝೋನ್ ಅಂತ ಇದ್ದಲ್ಲಿ ಶೇ. 5 ಇಟ್ಟೆವು, ಅಂದ್ರೆ 0.95 ಮುಟ್ಟಿದರೆ ಅದನ್ನೇ 1 ಅಂತ ತಿಳಿಯೋದು. ಕೆಲವು ಕಡೆ ಇದನ್ನೇ ಉಲ್ಟಾ ಬರೆದು 95 ಅಂತ ಕೇಳುತ್ತಾರೆ. DS4Windows ನಲ್ಲಿ ಇದರ ಹೆಸರು Max Zone.

ಸರಿಯಾಯ್ತಾ ಅಂತ ನೋಡೋದು

ಆಟದಲ್ಲಿ ಬಯಲು ಜಾಗಕ್ಕೆ ಹೋಗಿ ಎಡಕ್ಕೆ ಜೋರಾಗಿ ಒತ್ತಿ ಬಿಡಿ, ನಿಧಾನಕ್ಕೂ ಬಿಡಿ. ಆಟಗಾರ ನಿಲ್ಲಬೇಕು. ಆಮೇಲೆ ಸ್ಟಿಕ್ ಅನ್ನು ಬಹಳ ಮೆಲ್ಲಗೆ ಒತ್ತಿ, ನಡಿಗೆ ಸಣ್ಣಗೆ ಶುರುವಾಗಬೇಕು. ಸೊನ್ನೆಯಿಂದ ಒಮ್ಮೆಲೇ ಜೋರಾಗಿ ಹೊರಟರೆ, ಆ ಆಟ ಡೆಡ್ ಝೋನ್ ದಾಟಿದ ಮೇಲೆ ಅಂಕಿಯನ್ನು ಹಿಗ್ಗಿಸಿ ಸರಿಮಾಡ್ತಿಲ್ಲ ಅಂತ ಅರ್ಥ. ಅಂಥ ಆಟಕ್ಕೆ ಸ್ಟೀಮ್‌ನ ಡೆಡ್ ಝೋನ್ ಬಳಸಿ, ಆಟದ್ದನ್ನು ಸೊನ್ನೆ ಮಾಡಿದರೆ ಚೆನ್ನಾಗಿರುತ್ತದೆ.

ಇಷ್ಟರಲ್ಲಿ ಆಗದಿದ್ದರೆ

ಲೆಕ್ಕ ಹಾಕಿದ ಅಂಕಿ ಶೇ. 20 ದಾಟಿತು ಅಂದ್ರೆ, ನನ್ನ ಅಭಿಪ್ರಾಯದಲ್ಲಿ ಸೆಟ್ಟಿಂಗ್ಸ್ ಜೊತೆ ಗುದ್ದಾಡೋದು ಬಿಟ್ಟು ಸ್ಟಿಕ್ ಕಡೆ ನೋಡಬೇಕು. ವಾರಂಟಿ ಇದ್ದರೆ ಬಿಚ್ಚಬೇಡಿ, ಮೊದಲು ಅಲ್ಲಿಗೆ ಹೋಗಿ. ಅಳತೆಯ ಪರದೆಯನ್ನು ಮೊಬೈಲ್‌ನಲ್ಲಿ ವಿಡಿಯೋ ಮಾಡಿಕೊಂಡು ಹೋದರೆ ಕೌಂಟರ್‌ನಲ್ಲಿ ವಾದ ಕಡಿಮೆ.

ವಾರಂಟಿ ಮುಗಿದಿದ್ದು ಅಂಕಿ ಕುಣಿತಿದ್ದರೆ ಸ್ವಚ್ಛ ಮಾಡಿ ನೋಡಬಹುದು. ಕಂಟ್ರೋಲರ್ ಆಫ್ ಮಾಡಿ, ವೈರ್ ತೆಗೆದು, ಶೇ. 99ರ ಐಸೊಪ್ರೊಪೈಲ್ ಆಲ್ಕೋಹಾಲ್ ಒಂದೆರಡು ಹನಿ ಸ್ಟಿಕ್‌ನ ಬುಡದ ಸಂದಿಗೆ ಬಿಟ್ಟು, ಒಂದು ನಿಮಿಷ ಎಲ್ಲಾ ಕಡೆ ತಿರುಗಿಸಿ. ಅರ್ಧ ಗಂಟೆ ಒಣಗಲಿ, ಆಮೇಲೇ ಆನ್ ಮಾಡಿ. ಕೈಗೆ ಹಚ್ಚೋ ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರು, ಅಂಟು ಎಲ್ಲಾ ಇರುತ್ತದೆ. ಬಾಗಿಲ ಕೀಲಿಗೆ ಹೊಡೆಯೋ ಎಣ್ಣೆ ಸ್ಪ್ರೇ ಕೂಡ ಬೇಡ, ಅದು ಧೂಳನ್ನು ಇನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಧೂಳು ಕಾರಣವಾಗಿದ್ದರೆ ಕುಣಿತ ನಿಲ್ಲುತ್ತದೆ. ಕೆಲವು ದಿನಕ್ಕೆ ಮತ್ತೆ ಶುರುವಾದರೆ ಪಟ್ಟಿಯೇ ಸವೆದಿದೆ, ಎಷ್ಟು ತೊಳೆದರೂ ಕಾರ್ಬನ್ ವಾಪಸ್ ಬರಲ್ಲ.

ಆಗ ಉಳಿದಿರೋದು ಮಾಡ್ಯೂಲ್ ಬದಲಿಸೋದು. ಸಾಮಾನ್ಯ ಸ್ಟಿಕ್ ಮಾಡ್ಯೂಲ್‌ಗೆ 14 ಕಾಲುಗಳು ಇರುತ್ತವೆ, ಎಲ್ಲದರ ಬೆಸುಗೆ ಬಿಡಿಸಬೇಕು. ಕೈಗೆ ಅಭ್ಯಾಸ ಇಲ್ಲದಿದ್ದರೆ ಬೋರ್ಡ್‌ನ ತಾಮ್ರದ ಗೆರೆಯೇ ಕಿತ್ತು ಬರುತ್ತದೆ, ಹಾಗಾಗಿ ಮೊಬೈಲ್ ರಿಪೇರಿಯಲ್ಲಿ ಬೋರ್ಡ್ ಕೆಲಸ ಮಾಡೋರ ಹತ್ತಿರ ಕೊಡೋದೇ ಜಾಣತನ. ಮಾಡ್ಯೂಲ್ ಕೊಳ್ಳುವಾಗ ಹಾಲ್ ಎಫೆಕ್ಟ್ ಇರೋದು ಸಿಕ್ಕರೆ ಅದನ್ನೇ ತಗೊಳ್ಳಿ. ಅದರಲ್ಲಿ ಉಜ್ಜೋ ಪಟ್ಟಿ ಇಲ್ಲ, ಆಯಸ್ಕಾಂತ ಎಷ್ಟು ತಿರುಗಿತು ಅಂತ ಸೆನ್ಸರ್ ಓದುತ್ತದೆ, ಹಾಗಾಗಿ ಆ ಸವೆತ ಬರಲ್ಲ. ಸ್ಪ್ರಿಂಗ್ ಮಾತ್ರ ಅದರಲ್ಲೂ ಸ್ಪ್ರಿಂಗೇ. ಹಾಕಿದ ತಕ್ಷಣ ನಡು ಸರಿಯಾಗಿ ಬರದೆ ಕ್ಯಾಲಿಬ್ರೇಟ್ ಮಾಡಬೇಕಾಗಬಹುದು, ಅದು ನಿಮ್ಮ ಕಂಟ್ರೋಲರ್‌ನಲ್ಲಿ ಸಾಧ್ಯವಾ ಅಂತ ಕೊಳ್ಳೋ ಮೊದಲೇ ವಿಚಾರಿಸಿ.

ಮಾಡ್ಯೂಲ್ ಬದಲಾದ ಮೇಲೆ ಮತ್ತೆ ಅಳೆಯಿರಿ, ಸ್ಟೀಮ್‌ನಲ್ಲೂ ಆಟದಲ್ಲೂ ಉಳಿದ ಹಳೇ 15 ತೆಗೆದು ಹೊಸ ಅಂಕಿ ಹಾಕಿ. ಹೊಸ ಸ್ಟಿಕ್ ಬಿಟ್ಟಾಗ 0.02 ಒಳಗೆ ನಿಲ್ಲುತ್ತಿದ್ದರೆ ಶೇ. 4 ಅಥವಾ 5 ಸಾಕು.